ಮೊದಲ ನಮಸ್ಕಾರ ಯಾರಿಗೆ?

ಎಲ್ಲರಿಗೂ ನಮಸ್ಕಾರ. ಕುಳಿತುಕೊಳ್ಳಿ.

ಪ್ರಥಮ ಬಿ.ಕಾಂ.ನ ಹಣಕಾಸು ಲೆಕ್ಕಶಾಸ್ತ್ರದ ತರಗತಿಗೆ ಸ್ವಾಗತ. ಪಠ್ಯಕ್ರಮ ನಾಳೆ ನೋಡೋಣ, ಜಮೆ–ಖರ್ಚು ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಎಡಗಡೆ, ಕರಿಹಲಗೆಯ ಪಕ್ಕದಲ್ಲಿ ನಿಂತಿರುವ ಮೇಡಂ ಯಾರು ಎಂದು ಆಗಿನಿಂದ ನೋಡುತ್ತಿದ್ದೀರಿ. ಕಾಲೇಜಿನ ಆದೇಶದಲ್ಲಿ ಇವರನ್ನು 'ಕಲಿಕಾ ಸಹಾಯಕಿ' ಎಂದು ಬರೆದಿದ್ದಾರೆ. ನಾನು ದುಭಾಷಿ ಎನ್ನುತ್ತೇನೆ. ನಾನು ಕನ್ನಡದಲ್ಲಿ ಹೇಳುವುದನ್ನು ಇವರು ಭಾರತೀಯ ಸನ್ನೆ ಭಾಷೆಯಲ್ಲಿ ಹೇಳುತ್ತಾರೆ. ಎರಡನೆಯ ಸಾಲಿನಲ್ಲಿರುವ ನಿಮ್ಮ ಇಬ್ಬರು ಸಹಪಾಠಿಗಳು ಸನ್ನೆಯಲ್ಲಿ ಕೇಳಿದ್ದನ್ನು ಇವರೇ ನಮಗೆ ಕನ್ನಡದಲ್ಲಿ ಹೇಳುತ್ತಾರೆ. ಆ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಎಲ್ಲರೆದುರು ಹೇಳುತ್ತಿದ್ದೇನೆ.

ಈಗ ನಮಸ್ಕಾರದ ವಿಷಯ. ಸನ್ನೆ ಭಾಷೆಯಲ್ಲಿ ನಮಸ್ಕಾರ ಹೇಳಲು ನೀವು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಎರಡು ಕೈ ಜೋಡಿಸಿ. ಅಷ್ಟೇ. ಅಜ್ಜಿ ಕಲಿಸಿದ್ದೇ ಇಲ್ಲಿಯೂ ನಡೆಯುತ್ತದೆ. ಆದರೆ ಕೈ ಜೋಡಿಸುವ ಮೊದಲು ಅವರು ನಿಮ್ಮ ಕಡೆ ನೋಡುತ್ತಿರಬೇಕು. ಬೆನ್ನ ಹಿಂದೆ ಎಷ್ಟು ಕೈ ಮುಗಿದರೂ ಅದು ಗೋಡೆಗೆ ಮುಗಿದಂತೆ. ಹತ್ತಿರವಿದ್ದರೆ ಭುಜವನ್ನು ಮೆಲ್ಲಗೆ ತಟ್ಟಿ, ದೂರವಿದ್ದರೆ ಕೈ ಬೀಸಿ. ಸೀಮೆಸುಣ್ಣದ ಚೂರು ಎಸೆಯಬೇಡಿ. ಆ ಹಕ್ಕನ್ನು ನನ್ನ ತಲೆಮಾರಿನ ಮೇಷ್ಟ್ರುಗಳೇ ಬಿಟ್ಟುಕೊಟ್ಟಾಗಿದೆ.

ಇದಕ್ಕಿಂತ ದೊಡ್ಡ ಪ್ರಶ್ನೆ, ನಮಸ್ಕಾರ ಯಾರಿಗೆ ಎಂಬುದು. ಹೋದ ವರ್ಷ ಇದೇ ಕೊಠಡಿಯಲ್ಲಿ ನಾನು ದುಭಾಷಿಯ ಕಡೆ ತಿರುಗಿ, "ಅವನಿಗೆ ಅರ್ಥವಾಯಿತೇ ಕೇಳಿ" ಎಂದೆ. ಅವರು ಅದನ್ನೂ ಅಕ್ಷರಶಃ ಸನ್ನೆ ಮಾಡಿ ಹೇಳಿಬಿಟ್ಟರು. ಆ ಹುಡುಗ ನನ್ನ ಮುಖ ನೋಡಿ, "ಸರ್, ನಾನು ಇಲ್ಲೇ ಇದ್ದೇನೆ" ಎಂದ. ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ಅಂದು ತಲೆ ತಗ್ಗಿಸಿದೆ. ನೀವು ಗೆಳೆಯನೊಂದಿಗೆ ಮಾತನಾಡುವಾಗ ಗೆಳೆಯನನ್ನೇ ನೋಡಿ, "ನಿನಗೆ ಅರ್ಥವಾಯಿತಾ?" ಎಂದು ಅವನನ್ನೇ ಕೇಳಿ. ದನಿ ಮೇಡಂ ಅವರದಾದರೂ ಉತ್ತರ ಅವನದು.

ಇನ್ನೊಂದು ಎಚ್ಚರಿಕೆ. ತರಗತಿಯಲ್ಲಿ ಕೇಳಿಸಿದ್ದನ್ನೆಲ್ಲ ದುಭಾಷಿ ಹೇಳುತ್ತಾರೆ. ಕೊನೆಯ ಬೆಂಚಿನವರು ನನ್ನ ಬಗ್ಗೆ ಪಿಸುಗುಟ್ಟಿದ್ದು ಅವರ ಕಿವಿಗೆ ಬಿದ್ದರೆ ಅದೂ ಎರಡನೆಯ ಸಾಲಿಗೆ ತಲುಪುತ್ತದೆ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡಿ. ನಾಲ್ಕು ಜನ ಒಟ್ಟಿಗೆ ಕೂಗಿದರೆ ಇರುವುದು ಎರಡೇ ಕೈ. ಮಾತಿಗೂ ಸನ್ನೆಗೂ ಕೆಲವು ಕ್ಷಣಗಳ ಅಂತರ ಇದ್ದೇ ಇರುತ್ತದೆ. ಹಾಗಾಗಿ ನಾನು ಜೋಕು ಹೇಳಿದಾಗ ಎರಡನೆಯ ಸಾಲು ತಡವಾಗಿ ನಗುತ್ತದೆ. ನಗದಿದ್ದರೆ ತಪ್ಪು ಜೋಕಿನದು, ಮೇಡಂ ಅವರದಲ್ಲ.

ಇದು ಬರೀ ಕೈಸನ್ನೆ, ಭಾಷೆಯೇನಲ್ಲ ಎಂದುಕೊಂಡವರು ಯಾರಾದರೂ ಇದ್ದರೆ ಕೇಳಿ. ಇದಕ್ಕೆ ತನ್ನದೇ ವ್ಯಾಕರಣವಿದೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಪದ ಮೊದಲು ಬರುತ್ತದೆ. ಭಾರತೀಯ ಸನ್ನೆ ಭಾಷೆಯಲ್ಲಿ ಅದು ಸಾಮಾನ್ಯವಾಗಿ ಕೊನೆಗೆ. 'ನಿನ್ನ ಹೆಸರು ಏನು?' ಎಂದು ಕೇಳುವ ನಮಗೆ ಅದು ತೊಡಕೇ ಅಲ್ಲ. 'ಇಲ್ಲ' ಕೂಡ ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ. ದೆಹಲಿಯಲ್ಲಿ ಈ ಭಾಷೆಯ ಸಂಶೋಧನೆ ಮತ್ತು ತರಬೇತಿಗೆಂದೇ 2015ರಲ್ಲಿ ಕೇಂದ್ರವೊಂದು ಶುರುವಾಯಿತು. ಅದರ ನಿಘಂಟು 2018ರಲ್ಲಿ ಮೂರು ಸಾವಿರ ಪದಗಳೊಂದಿಗೆ ಬಂತು, 2021ರ ಹೊತ್ತಿಗೆ ಹತ್ತು ಸಾವಿರಕ್ಕೆ ಬೆಳೆಯಿತು.

ಆದರೂ ನಮ್ಮ ವಿಷಯದ ಎಷ್ಟೋ ಪದಗಳಿಗೆ ಎಲ್ಲರೂ ಬಳಸುವ ಸನ್ನೆ ಇಲ್ಲ. 'ಡಿಪ್ರಿಸಿಯೇಷನ್' ಬಂದರೆ ಮೇಡಂ ಹನ್ನೆರಡು ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಲ್ಲಿ ಒಂದೊಂದಾಗಿ ಮೂಡಿಸಬೇಕು. ಒಂದು ಗಂಟೆಯಲ್ಲಿ ಆ ಪದ ನನ್ನ ಬಾಯಿಗೆ ಮೂವತ್ತು ಸಲವಾದರೂ ಬಂದೀತು. ಆ ಬೆರಳುಗಳ ಗತಿ ಯೋಚಿಸಿ. ಅದಕ್ಕೇ ಮರುದಿನದ ಪದಗಳ ಪಟ್ಟಿಯನ್ನು ಹಿಂದಿನ ಸಂಜೆಯೇ ಅವರಿಗೆ ಕೊಡುತ್ತೇನೆ. ಯಾವ ಪದಕ್ಕೆ ಯಾವ ಸನ್ನೆ ಎಂಬುದನ್ನು ನಿಮ್ಮ ಸಹಪಾಠಿಗಳಿಬ್ಬರೂ ಅವರೊಂದಿಗೆ ಕುಳಿತು ಗೊತ್ತುಮಾಡಿಕೊಳ್ಳುತ್ತಾರೆ. ಹಲಗೆಯ ಕಡೆ ಮುಖ ಮಾಡಿ ಮಾತನಾಡುವ ಚಾಳಿ ನನಗಿದೆ. ಹಾಗೆ ಮಾಡಿದಾಗ ಯಾರಾದರೂ ಕೈ ಎತ್ತಿ, ಬೈಯುವುದಿಲ್ಲ.

ನಿಮ್ಮಿಂದ ಒಂದು ಕೆಲಸವಾಗಬೇಕು. ಕಣ್ಣು ದುಭಾಷಿಯ ಮೇಲಿದ್ದರೆ ಪುಸ್ತಕದಲ್ಲಿ ಬರೆದುಕೊಳ್ಳಲು ಆಗುವುದಿಲ್ಲ. ದಿನಕ್ಕೊಬ್ಬರಂತೆ ನಿಮ್ಮ ಟಿಪ್ಪಣಿಯನ್ನು ಎರಡನೆಯ ಸಾಲಿನ ಆ ಇಬ್ಬರಿಗೆ ಕೊಡಿ. ಅಕ್ಷರ ಚೆನ್ನಾಗಿದ್ದವರು ಮೊದಲು ಹೆಸರು ಬರೆಸಿ. ಉಳಿದವರಿಗೆ ಅಲ್ಲಿಯವರೆಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಮೇಡಂ ಹೆಸರನ್ನು ನಾನು ಬೇಕೆಂದೇ ಹೇಳಿಲ್ಲ. ಅವರೇ ಈಗ ಬೆರಳಿನಲ್ಲಿ ಬರೆದು ತೋರಿಸುತ್ತಾರೆ. ಅಮೆರಿಕದವರ ಹಾಗೆ ಒಂದೇ ಕೈಯಲ್ಲಲ್ಲ, ಇಲ್ಲಿ ಎರಡೂ ಕೈ ಬೇಕು. ಓದಲು ಬರದವರು ಎರಡನೆಯ ಸಾಲಿನವರನ್ನು ಕೇಳಿ. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಡಿ, ಎರಡೂ ಕೈ ಮೇಲೆತ್ತಿ ಅಂಗೈಗಳನ್ನು ಹೀಗೆ ಅಲ್ಲಾಡಿಸಿ.

ಮೇಡಂ, ಶುರು ಮಾಡಿ.