ನಮ್ಮ ಓಣಿಯ ಐದು ಮನೆಗಳ ಕಿರಾಣಿ: ಕಿಲೋ ದರದ ಹೋಲಿಕೆ ಪಟ್ಟಿ, ಜೂನ್ ತಿಂಗಳು

ಈ ದರಗಳನ್ನು ಜೂನ್ 1 ಮತ್ತು 2ರಂದು ಹುಬ್ಬಳ್ಳಿಯ ದುರ್ಗದಬೈಲಿನ ಎರಡು ಕಿರಾಣಿ ಅಂಗಡಿ, ದಾಜಿಬಾನ ಪೇಟೆಯ ಒಂದು ಸಗಟು ಅಂಗಡಿ ಮತ್ತು ವಿದ್ಯಾನಗರದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನಾನೇ ನಿಂತು ಬರೆದುಕೊಂಡಿದ್ದೇನೆ. ಇವು ಪಾಕೀಟಿನ ಮೇಲೆ ಅಚ್ಚಾದ ಗರಿಷ್ಠ ಬೆಲೆಗಳಲ್ಲ, ಅಂಗಡಿಯವರು ನಮ್ಮಿಂದ ತೆಗೆದುಕೊಳ್ಳುವ ಬೆಲೆಗಳು. ಬೇರೆ ಬೇರೆ ಕಂಪನಿಗಳನ್ನು ಬೆರೆಸಿಲ್ಲ. ಒಂದು ಪದಾರ್ಥಕ್ಕೆ ಒಂದೇ ಗುಣಮಟ್ಟದ ಮಾಲು ಹಿಡಿದು, ತೂಕ ಮಾತ್ರ ಬದಲಿಸಿ ನೋಡಿದ್ದೇನೆ.

ಲೆಕ್ಕ ಒಂದೇ: ಬೆಲೆಯನ್ನು ಗ್ರಾಂ ತೂಕದಿಂದ ಭಾಗಿಸಿ 1000ದಿಂದ ಗುಣಿಸಬೇಕು. ಮೊಬೈಲಿನ ಶೀಟ್‌ನಲ್ಲಿ ಬೆಲೆ B ಸಾಲಿನಲ್ಲೂ ಗ್ರಾಂ C ಸಾಲಿನಲ್ಲೂ ಇದ್ದರೆ ಇಷ್ಟು ಬರೆದರೆ ಸಾಕು:

```
=B2/C2*1000
```

ಶೇಂಗಾ ಎಣ್ಣೆ

| ಪಾಕೀಟು | ಒಳಗಿನ ತೂಕ | ಬೆಲೆ (₹) | ಕಿಲೋಗೆ (₹) |
|---|---|---|---|
| ಚಿಕ್ಕ ಪಾಕೀಟು | 850 ಗ್ರಾಂ | 174 | 204.71 |
| 1 ಲೀಟರ್ ಪಾಕೀಟು | 910 ಗ್ರಾಂ | 182 | 200.00 |
| 5 ಲೀಟರ್ ಕ್ಯಾನ್ | 4,550 ಗ್ರಾಂ | 919 | 201.98 |
| 15 ಲೀಟರ್ ಡಬ್ಬ | 13,650 ಗ್ರಾಂ | 2,700 | 197.80 |
| 15 ಕಿಲೋ ಡಬ್ಬ | 15,000 ಗ್ರಾಂ | 2,880 | 192.00 |

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕುಳಿತದ್ದು ಈ ಪಟ್ಟಿಯ ಮುಂದೆ. ಅಂಗಡಿಯಲ್ಲಿ ಎರಡೂ ಡಬ್ಬಗಳನ್ನು ಪಕ್ಕದಲ್ಲೇ ಇಟ್ಟಿರುತ್ತಾರೆ, ಎರಡಕ್ಕೂ ‘ಹದಿನೈದರ ಡಬ್ಬ’ ಎಂದೇ ಹೆಸರು. 2,700 ರೂಪಾಯಿಯದು 180 ರೂಪಾಯಿ ಅಗ್ಗವೆಂದು ಕಾಣುತ್ತದೆ. ಆದರೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. ಹಾಗಾಗಿ 15 ಕಿಲೋ ಡಬ್ಬದಲ್ಲಿ ಹದಿನಾರೂವರೆ ಲೀಟರಿನಷ್ಟು ಎಣ್ಣೆ ಇರುತ್ತದೆ. ಹೆಚ್ಚು ಕೊಟ್ಟ 180 ರೂಪಾಯಿಗೆ 1,350 ಗ್ರಾಂ ಎಣ್ಣೆ ಹೆಚ್ಚು ಸಿಗುತ್ತದೆ. ಕೊಳ್ಳುವಾಗ ದಯವಿಟ್ಟು ಡಬ್ಬದ ಮೇಲೆ ಬೆರಳಿಟ್ಟು ‘ಕಿಲೋ’ ಎಂದಿದೆಯೋ ‘ಲೀಟರ್’ ಎಂದಿದೆಯೋ ಓದಿ.

850 ಗ್ರಾಂ ಪಾಕೀಟನ್ನು ಕೈಯಲ್ಲಿ ಹಿಡಿದರೆ ಲೀಟರಿನದೇ ಅನ್ನಿಸುತ್ತದೆ. ಮೊದಲು ಬೇಳೆ, ಎಣ್ಣೆ, ಚಹಾದಂಥ ಪದಾರ್ಥಗಳನ್ನು ನಿಗದಿಯಾದ ತೂಕಗಳಲ್ಲೇ ಕಟ್ಟಬೇಕೆಂಬ ನಿಯಮವಿತ್ತು. 2021ರ ತಿದ್ದುಪಡಿ ಅದನ್ನು ತೆಗೆದುಹಾಕಿ, ಅದಕ್ಕೆ ಬದಲಾಗಿ ಘಟಕ ಬೆಲೆ ಮುದ್ರಿಸಬೇಕೆಂದಿತು. ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಗ್ರಾಮಿಗೆ 0.52 ಎಂದಿದ್ದರೆ ಕಿಲೋಗೆ 520 ಎಂದು ತಿಳಿಯಿರಿ. ಅದು ಗರಿಷ್ಠ ಬೆಲೆಯ ಮೇಲಿನ ಲೆಕ್ಕ. ಅಂಗಡಿಯವರು ಸೋಡಿ ಬಿಟ್ಟಿದ್ದರೆ ಮತ್ತೆ ಭಾಗಿಸಿಯೇ ನೋಡಬೇಕು.

ಗಾಣದ ಎಣ್ಣೆಯನ್ನು ಇಲ್ಲಿ ಸೇರಿಸಿಲ್ಲ. ಅದು ಬೇರೆಯದೇ ಮಾಲು, ಈ ಪಟ್ಟಿಯಲ್ಲಿ ಅದನ್ನು ಸೋಲಿಸುವುದು ಅನ್ಯಾಯ.

ತೊಗರಿಬೇಳೆ

| ಪಾಕೀಟು | ಬೆಲೆ (₹) | ಕಿಲೋಗೆ (₹) |
|---|---|---|
| 500 ಗ್ರಾಂ | 84 | 168 |
| 1 ಕಿಲೋ | 162 | 162 |
| 2 ಕಿಲೋ | 330 | 165 |
| 5 ಕಿಲೋ ಚೀಲ | 770 | 154 |
| ಬಿಡಿ, 1 ಕಿಲೋ | 148 | 148. ಆರಿಸಿದ ಮೇಲೆ 154.17 |

ಬಿಡಿ ಬೇಳೆ ಅಗ್ಗವೆಂದು ಹಿಂದಿನ ಮನೆಯ ಕಾಕೂ ಹೇಳುತ್ತಲೇ ಬಂದಿದ್ದರು. ಅವರ ಜೊತೆ ಕುಳಿತು ಒಂದು ಕಿಲೋ ಆರಿಸಿದೆವು. ಸಿಪ್ಪೆ, ನುಚ್ಚು, ಹರಳು ಸೇರಿ 40 ಗ್ರಾಂ ಹೊರಗೆ ಬಿತ್ತು. 148ನ್ನು 960 ಗ್ರಾಮಿಗೆ ಹಂಚಿದರೆ ಚೀಲದ ದರಕ್ಕೇ ಬಂದು ನಿಂತಿತು, ಆರಿಸಿದ ಅರ್ಧ ಗಂಟೆ ಬೇರೆ. 2 ಕಿಲೋ ಪಾಕೀಟು ಒಂದು ಕಿಲೋದ್ದಕ್ಕಿಂತ ತುಟ್ಟಿ ಇರುವುದನ್ನೂ ಗಮನಿಸಿ.

ಉಪ್ಪಿಟ್ಟಿನ ರವೆ

| ಪಾಕೀಟು | ಬೆಲೆ (₹) | ಕಿಲೋಗೆ (₹) |
|---|---|---|
| 500 ಗ್ರಾಂ | 27 | 54 |
| 1 ಕಿಲೋ | 50 | 50 |
| 5 ಕಿಲೋ | 235 | 47 |

ಅಂಕಿಯಲ್ಲಿ ಐದು ಕಿಲೋ ಗೆಲ್ಲುತ್ತದೆ, ಆದರೂ ನಾನು ಆರಿಸಿದ್ದು ಒಂದು ಕಿಲೋದ್ದನ್ನು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಐದು ಕಿಲೋದಲ್ಲಿ ಹುಳ ಬಿದ್ದು 700 ಗ್ರಾಂ ಚೆಲ್ಲಿದೆವು. ಉಂಡದ್ದು 4,300 ಗ್ರಾಂ, ಕಿಲೋಗೆ 54.65 ಬಿತ್ತು. ಅರ್ಧ ಕಿಲೋ ಪಾಕೀಟಿಗಿಂತಲೂ ತುಟ್ಟಿ. ದೀಪಾವಳಿಯ ತನಕ ಒಂದೊಂದೇ ಕಿಲೋ ತರೋಣ.

ಚಹಾ ಪುಡಿ

| ಪಾಕೀಟು | ಬೆಲೆ (₹) | ಕಿಲೋಗೆ (₹) |
|---|---|---|
| 22 ಗ್ರಾಂ | 10 | 454.55 |
| 100 ಗ್ರಾಂ | 52 | 520 |
| 250 ಗ್ರಾಂ | 135 | 540 |
| 500 ಗ್ರಾಂ | 260 | 520 |
| 1 ಕಿಲೋ | 490 | 490 |

ಮೂರು ಸಲ ಲೆಕ್ಕ ಹಾಕಿದೆ, ತಪ್ಪಿಲ್ಲ. ಹತ್ತು ರೂಪಾಯಿಯ 45 ಪಾಕೀಟು ತಂದರೆ 450 ರೂಪಾಯಿಗೆ 990 ಗ್ರಾಂ. ನಾವು ವರ್ಷಗಳಿಂದ ತರುತ್ತಿದ್ದ ಕಾಲು ಕಿಲೋ ಪಾಕೀಟೇ ಎಲ್ಲಕ್ಕಿಂತ ತುಟ್ಟಿ. ಚಿಕ್ಕ ಪಾಕೀಟಿನಲ್ಲಿ ಪರಿಮಳವೂ ಉಳಿಯುತ್ತದೆ, ಆದರೆ 45 ಪ್ಲಾಸ್ಟಿಕ್ ಚೂರುಗಳನ್ನು ಗಟಾರಕ್ಕೆ ಕಳಿಸಲು ನನಗೆ ಮನಸ್ಸಿಲ್ಲ. ನಾನು ಒಂದು ಕಿಲೋದ್ದನ್ನೇ ತರುತ್ತೇನೆ. ನೀವು ನಿಮ್ಮ ಮನಸ್ಸಿನಂತೆ ಮಾಡಿ. ಹತ್ತು ರೂಪಾಯಿಯ ಪಾಕೀಟಿನಲ್ಲಿ ಬೆಲೆ ಅಲುಗದೆ ತೂಕವೇ ಇಳಿಯುತ್ತದೆ, ಆದ್ದರಿಂದ ಪ್ರತಿ ತಿಂಗಳೂ ಗ್ರಾಂ ನೋಡಬೇಕು.

ಜೋಳ

| ಮಾಲು | ಬೆಲೆ (₹) | ಹಿಟ್ಟು ಕಿಲೋಗೆ (₹) |
|---|---|---|
| ಹಿಟ್ಟು, 500 ಗ್ರಾಂ | 36 | 72 |
| ಹಿಟ್ಟು, 1 ಕಿಲೋ | 68 | 68 |
| ಕಾಳು, 5 ಕಿಲೋ | 235 | 53 (ಗಿರಣಿಯ 6 ಸೇರಿ) |

ಇದರಲ್ಲಿ ಚರ್ಚೆಯೇ ಬೇಡ. ಪಾಕೀಟಿನ ಹಿಟ್ಟು ಹಳೆಯದಾದರೆ ಜಿಗಿ ಹೋಗಿ, ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಕಾಳು ತಂದು ವಾರಕ್ಕೆ ಬೇಕಾದಷ್ಟೇ ಬೀಸಿಸಿ.

ಬ್ಯಾಡಗಿ ಮೆಣಸಿನಕಾಯಿ

| ಮಾಲು | ಬೆಲೆ (₹) | ಕಿಲೋಗೆ (₹) |
|---|---|---|
| ತೊಟ್ಟು ತೆಗೆದದ್ದು, 250 ಗ್ರಾಂ | 115 | 460 |
| ತೊಟ್ಟು ತೆಗೆದದ್ದು, 500 ಗ್ರಾಂ | 220 | 440 |
| ಬಿಡಿ, ತೊಟ್ಟಿನ ಸಮೇತ, 1 ಕಿಲೋ | 380 | 380; ತೊಟ್ಟು ತೆಗೆದರೆ 408.60 |

ಒಂದು ಕಿಲೋ ಬಿಡಿಸಿದಾಗ 930 ಗ್ರಾಂ ಉಳಿಯಿತು. ಆದರೂ ಬಿಡಿಯೇ ಲಾಭ. ತೂಗಿಸುವ ಮೊದಲು ಒಂದು ಕಾಯಿ ಮುರಿದು ನೋಡಿ. ಹಸಿಯಾಗಿ ಬಾಗಿದರೆ ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ. ಬೇರೆ ಖಾರದ ಕಾಯಿಯನ್ನು ಅಗ್ಗವೆಂದು ಇದರ ಜೊತೆ ತೂಗಬೇಡಿ. ಬ್ಯಾಡಗಿಯನ್ನು ನಾವು ತರುವುದು ಬಣ್ಣಕ್ಕೆ.

ಸೋಪಿನ ಪುಡಿಯಲ್ಲಿ ‘200 ಗ್ರಾಂ ಉಚಿತ’ ಎಂಬ ಒಂದು ಕಿಲೋ ಪಾಕೀಟು 132 ರೂಪಾಯಿ. ಉಚಿತವನ್ನು ಸೇರಿಸಿಯೇ ಭಾಗಿಸಿದರೆ ಕಿಲೋಗೆ 110. ಮೂರು ಕಿಲೋದ್ದು 345, ಅಂದರೆ 115. ಉಚಿತದ್ದನ್ನೇ ತೆಗೆದುಕೊಳ್ಳಿ.

ಈ ತಿಂಗಳು ಒಟ್ಟಿಗೆ ತರುವುದು

| ಪದಾರ್ಥ | ಒಟ್ಟು ಬೆಲೆ (₹) | ಒಂದು ಮನೆಗೆ | ಒಂದು ಮನೆಯ ಪಾಲು (₹) |
|---|---|---|---|
| ಶೇಂಗಾ ಎಣ್ಣೆ, 15 ಕಿಲೋ ಡಬ್ಬ | 2,880 | 3 ಕಿಲೋ | 576 |
| ತೊಗರಿಬೇಳೆ, 5 ಕಿಲೋದ ಎರಡು ಚೀಲ | 1,540 | 2 ಕಿಲೋ | 308 |
| ಬ್ಯಾಡಗಿ ಬಿಡಿ, 2.5 ಕಿಲೋ | 950 | 500 ಗ್ರಾಂ | 190 |
| ಆಟೋ ಬಾಡಿಗೆ | 100 | | 20 |
| ಒಟ್ಟು | 5,470 | | 1,094 |

ರವೆ, ಚಹಾ, ಜೋಳ ಮತ್ತು ಸೋಪಿನ ಪುಡಿಯನ್ನು ಅವರವರೇ ತಂದುಕೊಳ್ಳುವುದು. ಶನಿವಾರ ಸಂಜೆಯೊಳಗೆ ಹಣ ಕೊಡಿ; ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೂ ಮೂಲೆಮನೆಯ ವಹಿನಿಯೂ ಪೇಟೆಗೆ ಹೋಗುತ್ತೇವೆ. ಎಣ್ಣೆಯನ್ನು ಲೀಟರಿನ ಮಾಪಿನಿಂದ ಹಂಚುವುದಿಲ್ಲ, ತಕ್ಕಡಿಯಲ್ಲಿ ತೂಗಿಯೇ ಕೊಡುತ್ತೇನೆ. ನಾಲ್ಕು ಲೀಟರ್ ಹಿಡಿಯುವ ಒಣಗಿದ ಕ್ಯಾನ್ ತನ್ನಿ, ಬರಿಯ ಕ್ಯಾನಿನ ತೂಕವನ್ನು ಮೊದಲೇ ನಿಮ್ಮ ಎದುರಿಗೆ ಬರೆದುಕೊಳ್ಳುತ್ತೇನೆ.