ನೀವು ಕೊಟ್ಟ ಅಡ್ವಾನ್ಸ್ 2,95,000: ಫೈನಲ್ ಬಿಲ್‌ನಲ್ಲಿ ಹೇಗೆ ಮುರಿದುಕೊಳ್ಳುತ್ತೇನೆ

ನಮಸ್ಕಾರ ಮೇಡಂ,

ಅಡ್ವಾನ್ಸನ್ನು ತೆರಿಗೆ ಹಾಕುವ ಮುಂಚೆಯೇ ಕಳೆದರೆ ಸಾಕಲ್ವಾ ಅಂತ ನಿನ್ನೆ ಸೈಟ್‌ನಲ್ಲಿ ನಿಮ್ಮ ತಮ್ಮ ಕೇಳಿದ ಪ್ರಶ್ನೆಗೆ ಗರಗಸದ ಸದ್ದಿನ ನಡುವೆ ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ಅಂಕಿಗಳು ಕಲಸಿಹೋಗುತ್ತವೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಬಿಲ್ ಆಗಸ್ಟ್ 12ಕ್ಕೆ ಬರುತ್ತದೆ, ಆದರೆ ಲೆಕ್ಕ ಈಗಲೇ ನಿಮ್ಮ ಕೈಯಲ್ಲಿರಲಿ.

ಮೊದಲು ನನಗೆ ಬಂದಿರುವ ದುಡ್ಡು. ಜೂನ್ 2ರಂದು ಅಳತೆ ತೆಗೆದ ದಿನ ನಿಮ್ಮ ಮಾವನವರು ಕೈಯಲ್ಲೇ 10,000 ಕೊಟ್ಟರು. ಜೂನ್ 9ಕ್ಕೆ ನಿಮ್ಮ ಬ್ಯಾಂಕ್ ಖಾತೆಯಿಂದ 1,08,000 ಬಂತು. ಜುಲೈ 7ಕ್ಕೆ, ಪ್ಲೈವುಡ್ ಸೈಟಿಗೆ ಇಳಿದ ಮೇಲೆ, 1,77,000 ಬಂತು. ಒಟ್ಟು 2,95,000. ಮಾವನವರು ಕೊಟ್ಟ 10,000 ಅಳತೆಯ ಫೀಸ್ ಅಲ್ಲ, ಟೋಕನ್ ಅಂತ ಬೇರೆ ಇಟ್ಟುಕೊಳ್ಳುವುದೂ ಇಲ್ಲ. ಅದೂ ಅಡ್ವಾನ್ಸೇ. ಅವತ್ತು ಬರೀ ಚೀಟಿಯಲ್ಲಿ ಬರೆದುಕೊಟ್ಟಿದ್ದೆ, ಆಮೇಲೆ ಜೂನ್ 9ರ ರಸೀದಿಯಲ್ಲಿ ಎರಡನ್ನೂ ಸೇರಿಸಿ 1,18,000 ಅಂತ ಹಾಕಿದ್ದೇನೆ. ಒಂದು ಸಲ ತೆಗೆದು ನೋಡಿ.

ಇನ್ನು ಕೆಲಸದ ಮೊತ್ತ. ಕೊಟೇಶನ್‌ನಲ್ಲಿ ತೆರಿಗೆ ಬಿಟ್ಟು 4,20,000 ಇತ್ತು: ಅಡುಗೆಮನೆ 2,10,000, ಎರಡು ವಾರ್ಡ್‌ರೋಬ್ 1,50,000, ಟಿವಿ ಯೂನಿಟ್ 40,000, ದೇವರ ಮನೆಯ ಮಂಟಪ 20,000. ಟಿವಿ ಯೂನಿಟ್ ಬೇಡ ಅಂದಿರಿ, 40,000 ಹೋಯಿತು. ವಾರ್ಡ್‌ರೋಬ್ ಮೇಲೆ ಲಾಫ್ಟ್ ಬೇಕು ಅಂದಿರಿ, 64 ಚದರ ಅಡಿಗೆ 750ರಂತೆ 48,000 ಸೇರಿತು. ಹಿಡಿಕೆ, ಹಿಂಜಸ್ ನೀವೇ ಅಂಗಡಿಗೆ ಹೋಗಿ ಆರಿಸಿ 14,160 ಕೊಟ್ಟು ತಂದಿದ್ದೀರಿ. ನನ್ನ ಕೊಟೇಶನ್‌ನಲ್ಲಿ ಅದಕ್ಕೆ ತೆರಿಗೆ ಬಿಟ್ಟು 12,000 ಹಾಕಿದ್ದೆ, ಅದನ್ನು ತೆಗೆದಿದ್ದೇನೆ. 12,000ಕ್ಕೆ ಶೇ. 18 ಸೇರಿದರೆ 14,160 ಆಗುತ್ತದೆ. ನೀವು ಅಂಗಡಿಗೆ ಕೊಟ್ಟಷ್ಟೇ ನನ್ನ ಬಿಲ್‌ನಲ್ಲಿ ಕಮ್ಮಿಯಾಗುತ್ತದೆ. ಹಾಗಾಗಿ ಆ ದುಡ್ಡನ್ನು ಅಡ್ವಾನ್ಸ್‌ಗೆ ಮತ್ತೆ ಸೇರಿಸಬೇಡಿ, ಒಂದೇ ಮೊತ್ತ ಎರಡು ಸಲ ಕಳೆದಂತೆ ಆಗುತ್ತದೆ.

ಈ ಬದಲಾವಣೆ ಎಲ್ಲ ಸೇರಿ ಕೆಲಸದ ಬೆಲೆ 4,16,000. ಬಿಲ್‌ನ ಕೊನೆಯ ಸಾಲುಗಳು ಹೀಗಿರುತ್ತವೆ:

ಕೆಲಸದ ಬೆಲೆ: 4,16,000
ಸಿಜಿಎಸ್‌ಟಿ ಶೇ. 9: 37,440
ಎಸ್‌ಜಿಎಸ್‌ಟಿ ಶೇ. 9: 37,440
ಬಿಲ್ ಮೊತ್ತ: 4,90,880
ಮುಂಗಡ ಬಂದಿದ್ದು (ಜೂನ್ 2 ಮತ್ತು 9, ಜುಲೈ 7): 2,95,000
ಕೊಡಬೇಕಾದ ಬಾಕಿ: 1,95,880

ಬಿಲ್ ಪೂರ್ತಿ ಕೆಲಸಕ್ಕೇ ಇರುತ್ತದೆ, ಬರೀ ಬಾಕಿಗೆ ಅಲ್ಲ. ಅಡ್ವಾನ್ಸ್ ಕಳೆಯುವುದು ತೆರಿಗೆ ಸೇರಿಸಿದ ಮೇಲೆ.

ನಿಮ್ಮ ತಮ್ಮ ಹೇಳಿದ್ದು ಇಲ್ಲೇ ಬೇರೆಯಾಗಿದ್ದು. 4,16,000ದಲ್ಲಿ 2,95,000 ಕಳೆದು, ಉಳಿದ 1,21,000ಕ್ಕೆ ತೆರಿಗೆ ಹಾಕಿ, 1,42,780 ಕೊಟ್ಟರೆ ಸಾಕಲ್ವಾ ಅಂದರು. ಕೇಳಿದ ತಕ್ಷಣ ಸರಿ ಅನಿಸುತ್ತದೆ. ಆದರೆ ನೀವು ಕೊಟ್ಟ 2,95,000 ಪೂರ್ತಿ ಕೆಲಸದ ದುಡ್ಡಲ್ಲ, ಅದರೊಳಗೆ ತೆರಿಗೆಯೂ ಇದೆ. 2,50,000 ಕೆಲಸಕ್ಕೆ, 45,000 ಜಿಎಸ್‌ಟಿಗೆ. ಎರಡೂ ರಸೀದಿಗಳಲ್ಲಿ ಇದನ್ನು ಬಿಡಿಸಿ ತೋರಿಸಿದ್ದೇನೆ: 1,18,000ದಲ್ಲಿ ತೆರಿಗೆ 18,000, 1,77,000ದಲ್ಲಿ ತೆರಿಗೆ 27,000. ಆ 45,000 ನನ್ನ ಹತ್ತಿರ ಇಲ್ಲ, ಸರ್ಕಾರಕ್ಕೆ ಕಟ್ಟಿ ಆಗಿದೆ. ತೆರಿಗೆಗೆ ಮುಂಚೆಯೇ ಕಳೆಯಬೇಕು ಅಂದರೆ 2,50,000 ಮಾತ್ರ ಕಳೆಯಬೇಕು. ಹಾಗೆ ಮಾಡಿದರೆ 1,66,000 ಉಳಿಯುತ್ತದೆ, ಅದಕ್ಕೆ ತೆರಿಗೆ 29,880, ಒಟ್ಟು ಮತ್ತೆ ಅದೇ 1,95,880. ಯಾವ ಕಡೆಯಿಂದ ಬಂದರೂ ಅಲ್ಲೇ ಬರುತ್ತದೆ. ಅವರ ಲೆಕ್ಕಕ್ಕೂ ನನ್ನದಕ್ಕೂ ಇರುವ 53,100ರ ವ್ಯತ್ಯಾಸ ಇಷ್ಟೇ: ಆ 45,000 ಮತ್ತು ಅದರ ಮೇಲಿನ ಶೇ. 18, ಅಂದರೆ 8,100.

ನಮ್ಮ ಅಂಗಡಿಯಲ್ಲಿ ಅಡ್ವಾನ್ಸ್‌ಗೆ ತೆರಿಗೆ ಕಟ್ಟುವುದೇ ಇಲ್ಲ ಅಂತಲೂ ಅವರು ಹೇಳಿದರು. ಅವರು ಹೇಳಿದ್ದು ಅವರ ವ್ಯಾಪಾರಕ್ಕೆ ನಿಜ. ಬರೀ ಸಾಮಾನು ಮಾರುವವರಿಗೆ 2017ರ ನವೆಂಬರ್‌ನಿಂದ ಬಿಲ್ ಹಾಕಿದಾಗ ತೆರಿಗೆ ಕಟ್ಟಿದರೆ ಸಾಕು. ನಾನು ಮಾಡುತ್ತಿರುವುದು ಗೋಡೆಗೆ ಕೂರಿಸಿ ಕಟ್ಟಿಕೊಡುವ ಕೆಲಸ. ಅದು ವರ್ಕ್ಸ್ ಕಾಂಟ್ರಾಕ್ಟ್ ಅಂತ ಸೇವೆಯ ಲೆಕ್ಕಕ್ಕೆ ಹೋಗುತ್ತದೆ, ಸೇವೆಗೆ ಅಡ್ವಾನ್ಸ್ ಬಂದಾಗಲೇ ತೆರಿಗೆ ಬೀಳುತ್ತದೆ. ಹಾಗಂತ ನಿಮ್ಮಿಂದ ಎರಡು ಸಲ ತೆರಿಗೆ ಹೋಗುವುದಿಲ್ಲ, ಈ ಭಯ ಮಾತ್ರ ಇಟ್ಟುಕೊಳ್ಳಬೇಡಿ. ಬಿಲ್‌ನಲ್ಲಿ ತೆರಿಗೆ 74,880 ಅಂತ ಕಂಡರೂ ಅದರಲ್ಲಿ 45,000 ನೀವು ಕೊಟ್ಟಾಗಿದೆ. ನಾನು ಆ ತಿಂಗಳ ರಿಟರ್ನ್‌ನಲ್ಲಿ ಅಡ್ವಾನ್ಸ್ ಹೊಂದಿಸಿ ತೋರಿಸಿ, ಇನ್ನು 29,880 ಮಾತ್ರ ಕಟ್ಟುತ್ತೇನೆ.

ಟಿವಿ ಯೂನಿಟ್ ಬಿಟ್ಟಿದ್ದಕ್ಕೆ ಅದರ ಪಾಲಿನ ಅಡ್ವಾನ್ಸ್ ವಾಪಸ್ ಬರುತ್ತದಾ ಅಂತ ನೀವು ಕೇಳಿದ್ದಿರಿ. ಅಡ್ವಾನ್ಸ್ ತಗೊಂಡಿದ್ದು ಒಟ್ಟು ಕೆಲಸದ ಮೇಲೆ, ಒಂದೊಂದು ಐಟಂಗೆ ಇಷ್ಟಿಷ್ಟು ಅಂತ ಅಲ್ಲ. ಅದರ 40,000 ಮತ್ತು ತೆರಿಗೆ 7,200 ಬಿಲ್ ಮೊತ್ತದಲ್ಲೇ ಕಡಿಮೆಯಾಗಿದೆ. ಬೇರೆಯಾಗಿ ವಾಪಸ್ ಕೊಡುವುದು ಏನೂ ಇರುವುದಿಲ್ಲ.

ದೇವರ ಮನೆಯ ಮಂಟಪವನ್ನು ಊರಿನ ಆಚಾರಿಯವರ ಕೈಲೇ ತೇಗದಲ್ಲಿ ಮಾಡಿಸೋಣ ಅಂತ ನಿಮ್ಮ ಅತ್ತೆಯವರು ಹೇಳುತ್ತಿದ್ದರು. ನನಗೆ ಬೇಜಾರಿಲ್ಲ, ನಿಜಕ್ಕೂ ತೇಗದ ಮಂಟಪದ ಕಳೆಯೇ ಬೇರೆ. ಆಗಸ್ಟ್ 3ರೊಳಗೆ ಹೇಳಿದರೆ ಅದನ್ನೂ ತೆಗೆದುಬಿಡುತ್ತೇನೆ. ಆಗ 20,000 ಮತ್ತು ತೆರಿಗೆ 3,600 ಸೇರಿ 23,600 ಇಳಿದು, ಬಾಕಿ 1,72,280 ಆಗುತ್ತದೆ. ಅಡ್ವಾನ್ಸ್ 2,95,000 ಹಾಗೇ ಪೂರ್ತಿ ಕಳೆಯುತ್ತದೆ. 3ನೇ ತಾರೀಖು ದಾಟಿದರೆ ಮಾತ್ರ ಮರ ಕೊಯ್ದಿರುತ್ತೇವೆ, ಆಮೇಲೆ ತೆಗೆಯಲು ಆಗುವುದಿಲ್ಲ.

ಬಾಕಿಯನ್ನು ಎರಡು ಕಂತಿನಲ್ಲಿ ಕೊಡಿ. ಆಗಸ್ಟ್ 12ಕ್ಕೆ ಪ್ರತಿ ಬಾಗಿಲು, ಪ್ರತಿ ಡ್ರಾಯರ್ ನೀವೇ ತೆಗೆದು ಹಾಕಿ ನೋಡಿದ ಮೇಲೆ 1,75,880. ಉಳಿದ 20,000 ನಿಮ್ಮ ಹತ್ತಿರವೇ ಇರಲಿ. ಒಂದು ತಿಂಗಳು ಬಳಸಿದರೆ ಬಾಗಿಲು ಕೆಳಗಿಳಿಯುವುದು, ಚಾನಲ್ ಬಿಗಿಯಾಗುವುದು ಗೊತ್ತಾಗುತ್ತದೆ. ಸೆಪ್ಟೆಂಬರ್ 11ಕ್ಕೆ ಬಂದು ಎಲ್ಲ ಸರಿಮಾಡಿ ಆಮೇಲೆ ತಗೊಳ್ಳುತ್ತೇನೆ. ಆ 20,000 ಬಿಲ್ ಮೊತ್ತದೊಳಗೇ ಸೇರಿರುವುದರಿಂದ ಅದಕ್ಕೆ ಬೇರೆ ಬಿಲ್ ಬರುವುದಿಲ್ಲ, ತೆರಿಗೆಯೂ ಮತ್ತೆ ಬೀಳುವುದಿಲ್ಲ. ದುಡ್ಡು ಬಂದ ದಿನ ಪೂರ್ತಿ ಚುಕ್ತಾ ಅಂತ ಬರೆದು ಸಹಿ ಹಾಕಿಕೊಡುತ್ತೇನೆ. ಮಂಟಪ ತೆಗೆದರೆ ಮೊದಲ ಕಂತು 1,52,280 ಆಗುತ್ತದೆ, ಎರಡನೆಯದು ಅದೇ 20,000.

ಇನ್ನು ಮುಂದೆ ಸೈಟ್‌ನಲ್ಲಿ ಏನಾದರೂ ಸೇರಿಸಿ ಅಂದರೆ, ಸಣ್ಣದೇ ಇರಲಿ, ಮೊದಲು ರೇಟ್ ಬರೆದು ಕಳಿಸುತ್ತೇನೆ. ನೀವು ಸರಿ ಅಂದ ಮೇಲೇ ಅದು ಬಿಲ್‌ಗೆ ಸೇರುತ್ತದೆ. ನನ್ನ ಹುಡುಗರ ಹತ್ತಿರ ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡು ರಸೀದಿಗಳ ಫೋಟೋ ಇದರ ಜೊತೆ ಕಳಿಸಿದ್ದೇನೆ. ನಿಮ್ಮ ತಮ್ಮನಿಗೂ ಇದನ್ನು ತೋರಿಸಿ. ಯಾವ ಅಂಕಿಯಾದರೂ ತಾಳೆಯಾಗದಿದ್ದರೆ ಈಗಲೇ ಹೇಳಿ. ಎಲ್ಲ ಸರಿ ಇದ್ದರೆ ಇದಕ್ಕೇ ಒಂದು "ಸರಿ" ಅಂತ ಉತ್ತರ ಹಾಕಿ, ಮಂಟಪದ ವಿಷಯವನ್ನೂ ಜೊತೆಗೇ ತಿಳಿಸಿ.

ಇಂತಿ,
ನಿಮ್ಮ ಕುವೆಂಪುನಗರದ ಮನೆಯ ಮರಗೆಲಸದವನು