ತಪ್ಪು ಡೋರ್ ನಂಬರಿಗೆ ಹೋದ ಪಾರ್ಸೆಲ್: ಪೋಸ್ಟ್ ಮಾಸ್ಟರ್ ಅವರಿಗೆ ಪತ್ರ

ಕೋಲಾರ
12-11-2025, ಬುಧವಾರ

ಇಂದ:
ಸುಜಾತ ಎಂ.
ಡೋರ್ ನಂ. 113, 2ನೇ ಕ್ರಾಸ್,
ಗೌರಿಪೇಟೆ, ಕೋಲಾರ – 563101

ಗೆ:
ಪೋಸ್ಟ್ ಮಾಸ್ಟರ್ ಅವರು,
ಪ್ರಧಾನ ಅಂಚೆ ಕಚೇರಿ, ಕೋಲಾರ

ವಿಷಯ: ಸ್ಪೀಡ್ ಪೋಸ್ಟ್ ಪಾರ್ಸೆಲ್ EK418263507IN ಅನ್ನು ಸರಿಯಾದ ವಿಳಾಸಕ್ಕೆ ಮತ್ತೆ ತಲುಪಿಸುವ ಬಗ್ಗೆ

ಮಾನ್ಯರೇ,

ಧಾರವಾಡದಲ್ಲಿರುವ ನನ್ನ ಅಕ್ಕ ಇದೇ 6ನೇ ತಾರೀಕು ನನ್ನ ಹೆಸರಿಗೆ ಒಂದು ಪಾರ್ಸೆಲ್ ಕಳಿಸಿದ್ದಾಳೆ. ವಿಳಾಸದಲ್ಲಿ ಡೋರ್ ನಂಬರು 113 ಅಂತ ಇರಬೇಕಿತ್ತು. 131 ಅಂತ ಬರೆದುಬಿಟ್ಟಿದ್ದಾಳೆ. ನಮ್ಮ ಮನೆಯ ಹಳೇ ನಂಬರು 31. ಹಳೇದು ಹೊಸದು ಎರಡೂ ಅವಳ ತಲೆಯಲ್ಲಿ ಕಲಸಿಹೋಗಿದೆ ಅನ್ಸುತ್ತೆ.

ನಿನ್ನೆ ಮಧ್ಯಾಹ್ನ ಪೋಸ್ಟ್‌ಮ್ಯಾನ್ 131ಕ್ಕೆ ಹೋಗಿದ್ದಾರೆ. ಆ ಮನೆಯ ಅಜ್ಜಿ "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಅಂದಿದ್ದಕ್ಕೆ ವಾಪಸ್ ತಂದಿದ್ದಾರೆ. ಇವತ್ತು ಬೆಳಿಗ್ಗೆ ನಾನೇ ಅಲ್ಲಿಗೆ ಹೋಗಿ ಕೇಳಿಕೊಂಡು ಬಂದೆ. ಪೋಸ್ಟ್‌ಮ್ಯಾನ್ ನನಗೆ ಎರಡು ಸಲ ಫೋನ್ ಕೂಡ ಮಾಡಿದ್ದರು. ಮಗು ಮಲಗಿತ್ತು ಅಂತ ಫೋನ್ ಸೈಲೆಂಟ್‌ನಲ್ಲಿ ಇಟ್ಟಿದ್ದೆ. ಹಾಗಾಗಿ ಅವರದ್ದೇನೂ ತಪ್ಪಿಲ್ಲ, ನಮ್ಮದೇ.

ಪಾರ್ಸೆಲ್ ಬಿಳಿ ಬಟ್ಟೆಯಲ್ಲಿ ಹೊಲಿದ ಕಟ್ಟು. ತೂಕ ಹೆಚ್ಚುಕಡಿಮೆ ಒಂದೂವರೆ ಕೆ.ಜಿ. ಮೇಲೆ ನೀಲಿ ಮಾರ್ಕರ್‌ನಲ್ಲಿ ಕನ್ನಡದಲ್ಲೇ ವಿಳಾಸ ಇದೆ. ಒಳಗೆ ನಮ್ಮಮ್ಮನ ಹಳೇ ಇಳಕಲ್ ಸೀರೆಗಳನ್ನು ಸೇರಿಸಿ ಅಕ್ಕ ಕೈಯಲ್ಲೇ ಹೊಲಿದ ಕೌದಿ, ಮಗುವಿಗೆ ಎರಡು ಕುಲಾವಿ ಇವೆ. ಮಾರಿದರೆ ನೂರು ರೂಪಾಯಿಯೂ ಬರಲಿಕ್ಕಿಲ್ಲ. ಆದರೆ ಅಮ್ಮ ಈಗಿಲ್ಲ. ಬರುವ ಭಾನುವಾರ, 16ಕ್ಕೆ, ಮಗುವಿನ ನಾಮಕರಣ. ಅವತ್ತು ತೊಟ್ಟಿಲಿಗೆ ಆ ಕೌದಿಯನ್ನೇ ಹಾಸಬೇಕು ಅಂತ ಅಕ್ಕನ ಆಸೆ, ನನ್ನದೂ.

ಆದ್ದರಿಂದ ದಯವಿಟ್ಟು ಪಾರ್ಸೆಲ್ಲನ್ನು ಧಾರವಾಡಕ್ಕೆ ವಾಪಸ್ ಕಳಿಸದೆ ತಡೆದಿಟ್ಟು, ಡೋರ್ ನಂಬರು 113 ಅಂತ ತಿದ್ದಿಸಿ, ಶನಿವಾರದೊಳಗೆ ಮತ್ತೊಮ್ಮೆ ನಮ್ಮ ಮನೆಗೆ ಕಳಿಸಿಕೊಡಿ. ಹಿಟ್ಟಿನ ಗಿರಣಿ ದಾಟಿ ಎಡಕ್ಕೆ ಮೂರನೇ ಮನೆ, ಹಸಿರು ಗೇಟು, ಮುಂದೆ ನುಗ್ಗೆಮರ. ಗೇಟಿನ ಮೇಲೆ 31 ಅಂತ ಹಳೇ ತಗಡು ಇನ್ನೂ ಹಾಗೇ ಇತ್ತು. ಇವತ್ತೇ ಕಿತ್ತು 113 ಅಂತ ಬರೆಸಿದ್ದೇವೆ. ಮನೆಯಲ್ಲಿ ಯಾವಾಗಲೂ ಜನ ಇರ್ತಾರೆ. ನಾನು ಬಾಣಂತಿ ಕೋಣೆಯಲ್ಲಿದ್ದರೆ ನಮ್ಮತ್ತೆ ಸಹಿ ಮಾಡಿ ತಗೋತಾರೆ, ಅದಕ್ಕೆ ನನ್ನ ಒಪ್ಪಿಗೆ ಇದೆ. ಪಾರ್ಸೆಲ್ ಮೇಲಿರುವ ಮೊಬೈಲ್ ನಂಬರು ಸರಿಯಾಗಿದೆ. ಈಗ ಸೈಲೆಂಟ್ ತೆಗೆದಿದ್ದೇನೆ.

ಮತ್ತೆ ಕಳಿಸೋದು ಕಷ್ಟ ಅನ್ನುವುದಾದರೆ ಒಂದು ಫೋನ್ ಮಾಡಿಸಿ ಸಾಕು, ನಮ್ಮ ಮನೆಯವರು ಕೌಂಟರಿಗೇ ಬಂದು ಬಿಡಿಸಿಕೊಳ್ಳುತ್ತಾರೆ. ಶುಲ್ಕ ಏನಾದರೂ ಇದ್ದರೆ ಕಟ್ಟುತ್ತೇವೆ.

ಅಕ್ಕ ವಾಟ್ಸಾಪ್‌ನಲ್ಲಿ ಕಳಿಸಿದ ಬುಕಿಂಗ್ ರಸೀದಿಯ ಪ್ರಿಂಟ್, ನನ್ನ ಆಧಾರ್ ಜೆರಾಕ್ಸ್ ಜೊತೆಗಿಟ್ಟಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಜಾತ ಎಂ.